ನಾಲ್ಕು ದಿನ ಹತ್ತು ಗಂಟೆ: ಫಾರ್ವರ್ಡ್ ಹೇಳುವಷ್ಟು ಸರಳವೇ?

ಫಾರ್ವರ್ಡ್: "ವಾರಕ್ಕೆ ನಾಲ್ಕೇ ದಿನ, ದಿನಕ್ಕೆ ಹತ್ತು ಗಂಟೆ ಕೆಲಸ ಮಾಡಿ. ಗಂಟೆ ಅಷ್ಟೇ, ಮೂರು ದಿನ ರಜೆ! ವಿದೇಶದಲ್ಲಿ ಸಾಬೀತಾಗಿದೆ."

ಸತ್ಯಾಂಶ: ವಿದೇಶದಲ್ಲಿ ಸಾಬೀತಾಗಿದ್ದು ಬೇರೆ. 2022ರಲ್ಲಿ ಬ್ರಿಟನ್‌ನ 61 ಸಂಸ್ಥೆಗಳ ಪ್ರಯೋಗದಲ್ಲಿ ಸಿಬ್ಬಂದಿಯ ದಣಿವು, ಒತ್ತಡ ಇಳಿದದ್ದು ನಿಜ. ಆದರೆ ಅಲ್ಲಿ ಸಂಬಳ ಕಡಿತವಿಲ್ಲದೆ ಕೆಲಸದ ಗಂಟೆಯನ್ನೇ ಕಡಿಮೆ ಮಾಡಿದ್ದರು. ನಲವತ್ತು ಗಂಟೆಯನ್ನು ನಾಲ್ಕು ದಿನಕ್ಕೆ ತುರುಕಿದ್ದಲ್ಲ.

ಹಾಸನದಲ್ಲಿ ಐದು ಜನರಿರುವ ಒಂದು ಕಚೇರಿ ಇದೆ ಅಂದುಕೊಳ್ಳಿ. ಸೋಮವಾರದಿಂದ ಶುಕ್ರವಾರ ತೆರೆದಿರುತ್ತದೆ. ಎಂಟು ಗಂಟೆಯ ಲೆಕ್ಕದಲ್ಲಿ ದಿನವೂ ಐದೂ ಜನ ಇರುತ್ತಾರೆ. ಹತ್ತು ಗಂಟೆಗೆ ಬದಲಾಯಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ದಿನ ರಜೆ ಕೊಟ್ಟರೆ ದಿನಕ್ಕೆ ನಾಲ್ವರೇ. ವಾರದ ಒಟ್ಟು 200 ಗಂಟೆ ಹಾಗೇ ಇದೆ. ಆದರೆ ಬೆಳಿಗ್ಗೆ ಹನ್ನೊಂದರ ನೂಕುನುಗ್ಗಲಿಗೆ ಒಬ್ಬರು ಕಮ್ಮಿ. ಉಳಿದ ಗಂಟೆ ಹೋಗಿದ್ದು ಬೆಳಿಗ್ಗೆ ಎಂಟಕ್ಕೋ ಸಂಜೆ ಆರಕ್ಕೋ. ಆಗ ಜನ ಬರುತ್ತಾರಾ? ಬರುವುದಾದರೆ ಇದು ಲಾಭವೇ. ಇಲ್ಲದಿದ್ದರೆ ಸುಮ್ನೆ ಲೈಟ್ ಉರಿಯುತ್ತದೆ, ಅಷ್ಟೇ. ಒಬ್ಬರಿಗೆ ಜ್ವರ ಬಂದರೆ ಉಳಿಯುವುದು ಮೂವರು.

ಬೇಲೂರಿನಿಂದ ಬಸ್ಸಿನಲ್ಲಿ ಬರುವವರಿಗೆ ವಾರಕ್ಕೊಂದು ಓಡಾಟ ಉಳಿಯುತ್ತದೆ, ಅದು ಸಣ್ಣದಲ್ಲ. ಆದರೆ ಹತ್ತು ಗಂಟೆ ಕೆಲಸ, ಊಟದ ಅರ್ಧ ಗಂಟೆ, ಪ್ರಯಾಣ ಸೇರಿದರೆ ಆ ನಾಲ್ಕು ದಿನ ಮನೆಯವರ ಮುಖ ನೋಡುವುದೇ ಕಷ್ಟ. ಚಿಕ್ಕ ಮಕ್ಕಳಿರುವವರಿಗೆ ಇದು ಜಾಸ್ತಿ ತಟ್ಟುತ್ತದೆ. ಪ್ರಯತ್ನಿಸುವುದಾದರೆ ಕೊನೆಯ ಎರಡು ಗಂಟೆಯಲ್ಲಿ ಆಗುವ ತಪ್ಪುಗಳನ್ನು ಬೇರೆಯಾಗಿ ಬರೆದಿಡಿ. ರಜೆಯನ್ನೂ ದಿನದಲ್ಲಲ್ಲ, ಗಂಟೆಯಲ್ಲೇ ಲೆಕ್ಕ ಹಾಕಿ: ಈಗ ಒಂದು ದಿನದ ರಜೆ ಅಂದರೆ ಹತ್ತು ಗಂಟೆ.