ಕನಿಷ್ಠ ಬ್ಯಾಲೆನ್ಸ್ ಇಲ್ಲದಿದ್ದರೆ ದಂಡ ಹಾಕುವುದು ಸರಿಯೇ?

ಪರ: ಲೆಕ್ಕ ಗೊತ್ತಿದ್ದರೆ ದಂಡ ತಪ್ಪಿಸಬಹುದು

ದಂಡದ ಪರವಾಗಿ ಬರೆಯಿರಿ ಎಂದಾಗ ಸ್ವಲ್ಪ ಹಿಂಜರಿಕೆಯಿಂದಲೇ ಒಪ್ಪಿಕೊಂಡೆ. ನನಗೂ ಒಂದೆರಡು ಸಲ ದಂಡ ಬಿದ್ದಿದೆ. ಆದರೂ ಬೈಯುವವರಲ್ಲಿ ಅರ್ಧಕ್ಕರ್ಧ ಜನಕ್ಕೆ ಲೆಕ್ಕವೇ ಗೊತ್ತಿಲ್ಲ ಅಂತ ನನ್ನ ಅನಿಸಿಕೆ.

ಹತ್ತು ಸಾವಿರ ಇಡಬೇಕು ಎಂದರೆ ಪ್ರತಿದಿನವೂ ಹತ್ತು ಸಾವಿರ ಇರಲೇಬೇಕು ಅಂತ ಅಲ್ಲ. ಹೆಚ್ಚಿನ ಬ್ಯಾಂಕುಗಳು ನೋಡುವುದು ತಿಂಗಳ ಸರಾಸರಿಯನ್ನು. ಪ್ರತಿದಿನ ವಹಿವಾಟು ಮುಗಿದಾಗ ಖಾತೆಯಲ್ಲಿ ಉಳಿದ ಮೊತ್ತವನ್ನು ಕೂಡಿಸುತ್ತಾರೆ, ತಿಂಗಳ ದಿನಗಳಿಂದ ಭಾಗಿಸುತ್ತಾರೆ. ಅಷ್ಟೇ.

30 ದಿನದ ಒಂದು ತಿಂಗಳು ತೆಗೆದುಕೊಳ್ಳಿ. ಮೊದಲ 5 ದಿನ ಖಾತೆಯಲ್ಲಿ 40,000 ಇತ್ತು, ಉಳಿದ 25 ದಿನ ಬರೀ 2,000. ಕೂಡಿಸಿದರೆ 2,50,000. ಮೂವತ್ತರಿಂದ ಭಾಗಿಸಿದರೆ 8,333. ಹತ್ತು ಸಾವಿರಕ್ಕೆ 1,667 ರೂಪಾಯಿ ಕೊರತೆ. ಬ್ಯಾಂಕಿನ ದರ ಕೊರತೆಯ ಶೇ. 6 ಅಂತಿದ್ದರೆ ದಂಡ 100 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 118. ಪೂರ್ತಿ ಹತ್ತು ಸಾವಿರಕ್ಕಲ್ಲ, ಕಡಿಮೆಯಾದಷ್ಟಕ್ಕೆ ಮಾತ್ರ. 2015ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮವೂ ಇದನ್ನೇ ಹೇಳುತ್ತದೆ: ದಂಡ ಕೊರತೆಗೆ ತಕ್ಕಷ್ಟೇ ಇರಬೇಕು.

ಇದೇ ಲೆಕ್ಕದಿಂದ ತಪ್ಪಿಸಿಕೊಳ್ಳಲೂಬಹುದು. ಮೇಲಿನ ಉದಾಹರಣೆಯಲ್ಲಿ ಒಟ್ಟು ಮೊತ್ತ ಮೂರು ಲಕ್ಷವಾಗಲು ಇನ್ನು 50,000 ಬೇಕಿತ್ತು. ಕೊನೆಯ ವಾರದಲ್ಲಿ ಹತ್ತು ಸಾವಿರ ಹಾಕಿ ಐದು ರಾತ್ರಿ ಮುಟ್ಟದೆ ಬಿಟ್ಟಿದ್ದರೆ ಸಾಕಿತ್ತು.

ಅಷ್ಟೂ ದುಡ್ಡಿಲ್ಲದವರ ಗತಿ ಏನು ಅಂತ ಕೇಳುತ್ತಾರೆ. ಅವರಿಗೆ ಕನಿಷ್ಠ ಬ್ಯಾಲೆನ್ಸೇ ಬೇಡದ ಬೇಸಿಕ್ ಉಳಿತಾಯ ಖಾತೆ, ಜನಧನ್ ಖಾತೆ ಇವೆಯಲ್ಲ. ನಾಲ್ಕೈದು ಬ್ಯಾಂಕಲ್ಲಿ ಖಾತೆ ತೆರೆದು ಮರೆತವರು ಮಾತ್ರ ದಂಡ ಬಿದ್ದಾಗ ಗಲಾಟೆ ಮಾಡುತ್ತಾರೆ.

ವಿರೋಧ: ದುಡ್ಡಿಲ್ಲ ಅನ್ನೋದಕ್ಕೆ ಯಾಕೆ ದಂಡ?

ನಾನು ಮರೆತವನಲ್ಲ. ಪ್ರತಿ ತಿಂಗಳೂ ತಪ್ಪದೆ ದುಡ್ಡು ಹಾಕುತ್ತಿದ್ದವನು.

ಗಾಡಿ ಸಾಲದ ಕಂತು ಕಟ್ಟಲು ಒಂದು ಖಾತೆ ಇಟ್ಟಿದ್ದೆ. ಕಂತು 8,500. ಐದನೇ ತಾರೀಖು ಬೆಳಿಗ್ಗೆ ಸರಿಯಾಗಿ ಅಷ್ಟನ್ನೇ ಹಾಕುತ್ತಿದ್ದೆ, ಸಂಜೆಯೊಳಗೆ ಅದು ಸಾಲಕ್ಕೆ ಹೋಗುತ್ತಿತ್ತು. ಲೆಕ್ಕಕ್ಕೆ ಬರುವುದು ದಿನದ ಕೊನೆಯ ಬ್ಯಾಲೆನ್ಸ್ ಅಲ್ವಾ? ಹಾಗಾಗಿ ಬ್ಯಾಂಕಿನ ಕಣ್ಣಿಗೆ ನನ್ನ ಖಾತೆಯಲ್ಲಿ ತಿಂಗಳಿಡೀ ಸೊನ್ನೆ. ಕೊರತೆ ಪೂರ್ತಿ ಹತ್ತು ಸಾವಿರ. ಶೇ. 6ರಂತೆ ದಂಡ 600, ಜಿಎಸ್‌ಟಿ ಸೇರಿ 708.

ದಂಡ ಹಾಕುವ ಮೊದಲು ತಿಳಿಸಬೇಕು, ಒಂದು ತಿಂಗಳು ಸಮಯ ಕೊಡಬೇಕು ಅಂತ ನಿಯಮವಿದೆ. ಎಸ್ಸೆಮ್ಮೆಸ್ ಬಂದಿತ್ತು, ಸುಳ್ಳು ಹೇಳಲ್ಲ. ಸಾಲ ಬೇಕಾ, ಕಾರ್ಡ್ ಬೇಕಾ ಅನ್ನುವ ಇಪ್ಪತ್ತು ಮೆಸೇಜುಗಳ ನಡುವೆ ಸೇರಿಹೋಗಿತ್ತು.

ಬರೀ ದಂಡದಿಂದ ಖಾತೆ ಮೈನಸ್‌ಗೆ ಹೋಗಬಾರದು ಅನ್ನುವುದೂ ನಿಯಮ. ಖಾತೆಯಲ್ಲಿ ಏನೂ ಇರಲಿಲ್ಲವಲ್ಲ, ಅದಕ್ಕೆ ಬ್ಯಾಂಕು ದಂಡವನ್ನು ಬಾಕಿ ಬರೆದುಕೊಂಡು ಕಾದಿತ್ತು. ಮುಂದಿನ ಐದನೇ ತಾರೀಖು ನಾನು 8,500 ಹಾಕಿದ ತಕ್ಷಣ 708 ಕಿತ್ತುಕೊಂಡಿತು. ಉಳಿದದ್ದು 7,792. ಕಂತು ಬೌನ್ಸ್! ಅದಕ್ಕೆ ಈ ಬ್ಯಾಂಕಿಂದ 590, ಸಾಲ ಕೊಟ್ಟವರಿಂದ ಇನ್ನೊಂದು ದಂಡ. ಪಾಸ್‌ಬುಕ್ಕಿನಲ್ಲಿ ಒಂದೇ ತಾರೀಖಿನ ಕೆಳಗೆ ಸಾಲಾಗಿ ಮೂರು ಎಂಟ್ರಿ. ಕೌಂಟರ್‌ನಲ್ಲಿದ್ದ ಹುಡುಗಿ ಪಾಪ, 'ಸರ್, ಸಿಸ್ಟಮ್ಮೇ ತಗೊಳ್ಳುತ್ತೆ' ಅಂದಳು.

ದರ ನೋಡಿ. ಉಳಿತಾಯ ಖಾತೆಗೆ ಅವರು ಕೊಡುವ ಬಡ್ಡಿ ವರ್ಷಕ್ಕೆ ಶೇ. 2.5ರ ಆಸುಪಾಸು. ನನ್ನ ಹತ್ತಿರ ಇಲ್ಲದ ದುಡ್ಡಿಗೆ ಅವರು ಕಿತ್ತುಕೊಳ್ಳುವುದು ತಿಂಗಳಿಗೆ ಶೇ. 6. ವರ್ಷಕ್ಕೆ ಹೇಳಿ ಎಷ್ಟಾಯಿತು? ಶೇ. 72. ಸಾಲ ತೆಗೆದುಕೊಂಡಿಲ್ಲ, ಏನೂ ಇಲ್ಲ, ಶೇ. 72!

ಕೊನೆಯ ವಾರ ಹತ್ತು ಸಾವಿರ ತಂದು ಐದು ರಾತ್ರಿ ಇಡಿ ಅಂತಾರೆ. ಹತ್ತು ಸಾವಿರ ಸುಮ್ನೆ ಇಡುವಷ್ಟಿದ್ದರೆ ಈ ತಕರಾರೇ ಇರುತ್ತಿರಲಿಲ್ಲ. ಇನ್ನು ಬೇಸಿಕ್ ಖಾತೆ. ಕೇಳಿದರೆ ಇರುವ ಖಾತೆಯನ್ನೇ ಹಾಗೆ ಬದಲಿಸಿಕೊಡುತ್ತಾರಂತೆ. ದಂಡ ಕೀಳುವಾಗ ಇದನ್ನು ನನಗೆ ಯಾರೂ ಹೇಳಲಿಲ್ಲ.

ದಂಡವಿಲ್ಲದೆ ಬ್ಯಾಂಕು ನಡೆಯಲ್ಲ ಅನ್ನುವುದೂ ಸುಳ್ಳು. ಸ್ಟೇಟ್ ಬ್ಯಾಂಕ್ 2020ರಲ್ಲೇ ಉಳಿತಾಯ ಖಾತೆಗಳ ಮೇಲಿನ ಈ ದಂಡ ಕೈಬಿಟ್ಟಿತು, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಬಿಟ್ಟಿತು. ಎರಡೂ ಬಾಗಿಲು ಹಾಕಿಲ್ಲ.

ನಾನು ಕೊನೆಗೆ ಕಂತನ್ನು ದಂಡವಿಲ್ಲದ ಖಾತೆಗೆ ಬದಲಿಸಿದೆ. ಹಳೇ ಖಾತೆ ಮುಚ್ಚಲು ಹೋದರೆ, ಆ ತಿಂಗಳ 708 ಬಾಕಿ ಇದೆ, ಮೊದಲು ಕಟ್ಟಿ ಅಂದರು.