ಕವಡೆ ಬಿದ್ದಾಗ ಬಾಯಿ ಏನು ಹೇಳುತ್ತದೆ?

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಎಲ್‌ಕೆಜಿ. 4 ತುಂಬಿದೆ. ವಿಡಿಯೊ ಕಾಲ್ ಹಚ್ಚಿದರೆ ಸಾಕು, ಒಂದರಿಂದ ನೂರರವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ಆಮೇಲೆ ನೋಟ್‌ಬುಕ್ ತಂದು, ಚೌಕದೊಳಗೆ ಬರೆದ ಅಂಕಿಗಳನ್ನು ಕ್ಯಾಮೆರಾಕ್ಕೆ ಹಿಡಿಯುತ್ತಾನೆ. ನನ್ನ ಮಗಳು ಅವನಿಗಿಂತ ನಾಲ್ಕು ತಿಂಗಳು ಚಿಕ್ಕವಳು. ಇಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಕಿಟಾಗೆ ಹೋಗುತ್ತಾಳೆ. ಕಿಟಾ ಅಂದರೆ ನಮ್ಮ ಶಿಶುವಿಹಾರ ಅಂದುಕೊಳ್ಳಿ. ಅವಳಿಗೆ ಹದಿನೈದು ದಾಟಿದರೆ ದಾರಿ ತಪ್ಪುತ್ತದೆ. ಬರೆಯುವ ಮಾತೇ ಇಲ್ಲ. ಇಲ್ಲಿ ಶಾಲೆ ಶುರುವಾಗುವುದು 6ರ ಹೊತ್ತಿಗೆ, ಅಲ್ಲಿಯವರೆಗೆ ನಮ್ಮ ಕಿಟಾದಲ್ಲಿ ಯಾರೂ ಅಂಕಿ ತಿದ್ದಿಸುವುದಿಲ್ಲ. ಭಾನುವಾರದ ಕಾಲ್ ಮುಗಿದ ಮೇಲೆ ನನ್ನ ಹೆಂಡತಿ ಸ್ವಲ್ಪ ಹೊತ್ತು ಮಾತಾಡುತ್ತಿರಲಿಲ್ಲ. ನನಗೂ ಒಳಗೊಳಗೇ ಅಳುಕು ಇತ್ತು, ಸುಳ್ಳು ಯಾಕೆ ಹೇಳಲಿ.

ಹೋದ ಡಿಸೆಂಬರ್‌ನಲ್ಲಿ ಹಾಸನಕ್ಕೆ ಹೋದೆವು. ಅಮ್ಮ ಹಜಾರದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಬೀಜದ ಗುಡ್ಡೆ. ಸುಮ್ನೆ ಅಕ್ಕನ ಮಗನಿಗೆ ಹೇಳಿದೆ, "ಪುಟ್ಟಾ, ನಂಗೆ ಐದು ಬೀಜ ಕೊಡು." ಮುಷ್ಟಿ ತುಂಬ ಬಾಚಿ ಕೊಟ್ಟ. "ಐದು ಇದೆಯಾ ನೋಡು" ಅಂದೆ. ಎಣಿಸಿದ. ಬೆರಳು ಒಂದು ಬೀಜದ ಮೇಲಿದ್ದಾಗ ಬಾಯಿ ಎರಡು ಹೆಸರು ಮುಂದೆ ಓಡುತ್ತಿತ್ತು. "ಹನ್ನೆರಡು" ಅಂತ ನಿಲ್ಲಿಸಿದ. ಇದ್ದದ್ದು ಒಂಬತ್ತು. "ಹಾಗಾದ್ರೆ ಎಷ್ಟು ಕೊಟ್ಟೆ?" ಅಂದರೆ ಉತ್ತರ ಹೇಳುವ ಬದಲು ಮತ್ತೆ ಒಂದರಿಂದ ಶುರು ಮಾಡಿದ.

ಮಗಳನ್ನು ಕೇಳಿದೆ. ಎರಡು ಕೇಳಿದಾಗ ಎರಡು ಕೊಟ್ಟಳು. ಮೂರಕ್ಕೆ ಮೂರು. ನಾಲ್ಕು ಕೇಳಿದರೆ ಅವಳದ್ದೂ ಮುಷ್ಟಿಯೇ! ಅವನಿಗೂ ಸಣ್ಣ ಸಂಖ್ಯೆ ಕೇಳಿ ನೋಡಿದೆ. ಅವನೂ ಮೂರರವರೆಗೆ ಸರಿ. ನೂರು ಹೇಳುವವನೂ ಹದಿನೈದು ಹೇಳುವವಳೂ ಒಂದೇ ಮೆಟ್ಟಿಲ ಮೇಲೆ ನಿಂತಿದ್ದರು.

ಇದು ನಾನು ಕಂಡುಹಿಡಿದ ಪರೀಕ್ಷೆ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರೆನ್ ವಿನ್ 1990ರಲ್ಲೇ ಇಂಥ 'ಇಷ್ಟು ಕೊಡು' ಆಟದ ಮೂಲಕ ಮಕ್ಕಳು ಎಲ್ಲಿದ್ದಾರೆ ಅಂತ ನೋಡಿದ್ದರು. ಮಕ್ಕಳಿಗೆ ಮೊದಲು 'ಒಂದು' ಮಾತ್ರ ಅರ್ಥವಾಗುತ್ತದೆ. ಉಳಿದದ್ದೆಲ್ಲ 'ತುಂಬಾ'. ಕೆಲವು ತಿಂಗಳಾದ ಮೇಲೆ ಎರಡು, ಇನ್ನೂ ಕೆಲವು ತಿಂಗಳಿಗೆ ಮೂರು. ಅದಾಗಿ ಸ್ವಲ್ಪ ಸಮಯಕ್ಕೆ ದೊಡ್ಡದೊಂದು ವಿಷಯ ಹೊಳೆಯುತ್ತದೆ. ಎಣಿಸುವಾಗ ಕೊನೆಗೆ ಬಂದ ಹೆಸರೇ ಇಡೀ ಗುಂಪಿನ ಲೆಕ್ಕ ಅಂತ. ಅದು ಹೊಳೆದ ಮೇಲೆ ಐದು, ಆರು, ಏಳು ಬೇರೆ ಬೇರೆಯಾಗಿ ಕಲಿಯಬೇಕಿಲ್ಲ. ಬಾಯಲ್ಲಿ ಎಷ್ಟರವರೆಗೆ ಬರುತ್ತದೋ ಹೆಚ್ಚುಕಡಿಮೆ ಅಷ್ಟನ್ನೂ ಎತ್ತಿ ಕೊಡಬಲ್ಲರು. ಬಹಳಷ್ಟು ಮಕ್ಕಳಿಗೆ ಇದು ಮೂರೂವರೆ, ನಾಲ್ಕರ ಆಸುಪಾಸಿನಲ್ಲಿ ಆಗುತ್ತದೆ. ಕೆಲವರಿಗೆ ಸ್ವಲ್ಪ ತಡ. ಬಾಯಿಪಾಠ ಬೇಡ ಅಂತ ನಾನು ಹೇಳುತ್ತಿಲ್ಲ, ಆ ಸರಣಿ ಇಲ್ಲದೆ ಎಣಿಸುವುದೇ ಆಗುವುದಿಲ್ಲ. ಆದರೆ ಅದು ಹಗ್ಗ ಮಾತ್ರ, ತುದಿಯಲ್ಲಿ ಬಿಂದಿಗೆ ಕಟ್ಟಿಲ್ಲ.

ಅವತ್ತು ಮಧ್ಯಾಹ್ನ ಅಮ್ಮ ಕವಡೆ ಡಬ್ಬಿ ತೆಗೆದಳು. ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದರ ಚೌಕಾಬಾರ ಬರೆದಳು. ಚಿಕ್ಕವನಿದ್ದಾಗ ಎಷ್ಟು ಸಲ ಆಡಿದ್ದೆನೋ. ಮಗಳ ಪಕ್ಕ ಕೂತು ನೋಡಿದಾಗ ಮೊದಲ ಸಲ ಅದರ ಜಾಣತನ ಕಂಡಿತು. ಕವಡೆ ಇರುವುದು ನಾಲ್ಕೇ. ಮೂರು, ನಾಲ್ಕರವರೆಗಿನ ಗುಂಪನ್ನು ಮನುಷ್ಯನ ಕಣ್ಣು ಎಣಿಸದೆಯೇ ಹಿಡಿಯುತ್ತದೆ. ಎಂಟು ಕವಡೆ ಇದ್ದಿದ್ದರೆ ಈ ವಯಸ್ಸಿನವರು ಪ್ರತಿ ಸಲ ಎಣಿಸುತ್ತಾ ಕೂರಬೇಕಿತ್ತು. ಇನ್ನೊಂದು ವಿಷಯ, ದಾಳದ ಮೇಲೆ ಮೂರು ಚುಕ್ಕೆ ಯಾವಾಗಲೂ ಓರೆ ಸಾಲಿನಲ್ಲೇ ಇರುತ್ತವೆ. ಮಗು ಆ ಚಿತ್ರವನ್ನೇ ನೆನಪಿಟ್ಟುಕೊಳ್ಳಬಹುದು. ಕವಡೆ ಒಂದು ಸಲ ಬಿದ್ದ ಹಾಗೆ ಇನ್ನೊಂದು ಸಲ ಬೀಳುವುದಿಲ್ಲ. ಒಂದು ಕಾಲ ಕೆಳಗೆ, ಎರಡು ಗೋಡೆ ಹತ್ತಿರ. ಆದರೂ ಅದು ಮೂರೇ.

ಜೊತೆಗೆ ಪ್ರತಿ ಸಲವೂ ನಾಲ್ಕು ಬೇರೆ ಬೇರೆ ರೀತಿ ಒಡೆದು ಕಾಣುತ್ತದೆ. ಮೂರು ಅಂಗಾತ, ಒಂದು ಬೋರಲು. ಎರಡು ಅಂಗಾತ, ಎರಡು ಬೋರಲು. ಮೂರನೆಯ ದಿನ ಮಗಳು "ಇನ್ನೊಂದು ಮೇಲೆ ಬಿದ್ದಿದ್ರೆ ಚೌಕ ಆಗ್ತಿತ್ತು" ಅಂತ ಅತ್ತಳು. ಕೂಡುವುದು, ಕಳೆಯುವುದು ಅಂತ ಆಮೇಲೆ ಶಾಲೆಯಲ್ಲಿ ಹೆಸರಿಟ್ಟು ಕಲಿಸುತ್ತಾರಲ್ಲ, ಆ ಅಳುವಿನಲ್ಲಿ ಅದೇ ಇತ್ತು. ಎಲ್ಲಾ ಬೋರಲು ಬಿದ್ದರೆ ಎಂಟು ಅನ್ನುವುದು ಮಾತ್ರ ಅವಳಿಗೆ ಇನ್ನೂ ಅನ್ಯಾಯವಾಗಿ ಕಾಣುತ್ತದೆ. ಏನೂ ಮೇಲೆ ಬೀಳದಿದ್ದರೆ ಎಂಟು ಹೇಗೆ? ನ್ಯಾಯವಾದ ಪ್ರಶ್ನೆಯೇ.

ಇಬ್ಬರೂ ಮಾಡಿದ ತಪ್ಪು ಒಂದೇ. ಕಾಯಿ ನಡೆಸುವಾಗ ನಿಂತ ಮನೆಯನ್ನೇ 'ಒಂದು' ಅಂತ ಎಣಿಸುತ್ತಿದ್ದರು. ಮೂರು ಬಿದ್ದರೆ ಎರಡೇ ಮನೆ ಮುಂದೆ. ಮೋಸ ಮಾಡುತ್ತಿದ್ದಾರೆ ಅಂತ ಗದರಬೇಡಿ. ಬೀಜ ಎಣಿಸುವಾಗ ಮುಟ್ಟಿದ ಮೊದಲ ಬೀಜವೇ ಒಂದು ಅಲ್ವಾ, ಅದನ್ನೇ ಇಲ್ಲೂ ಮಾಡುತ್ತಾರೆ. ಇಲ್ಲಿ ಎಣಿಸಬೇಕಾದದ್ದು ಮನೆಗಳನ್ನಲ್ಲ, ಹೆಜ್ಜೆಗಳನ್ನು. ಅಮ್ಮ ಮಾಡಿದ ಉಪಾಯ ಸುಲಭದ್ದು. ಕಾಯಿಯನ್ನು ಜಾರಿಸಲು ಬಿಡಲಿಲ್ಲ. ಕೈಯಲ್ಲಿ ಎತ್ತಿಸಿ, ಮುಂದಿನ ಮನೆಯಲ್ಲಿ ಟಕ್ ಅಂತ ಕುಟ್ಟಿದ ಮೇಲೆಯೇ 'ಒಂದು' ಅನ್ನಿಸಿದಳು. ಎರಡು ದಿನದಲ್ಲಿ ಸರಿಹೋಯಿತು.

ಜರ್ಮನಿಯಲ್ಲೂ ಇದೇ ಆಟದ ನೆಂಟ ಇದ್ದಾನೆ. ಹೆಸರು 'ಮೆನ್ಶ್ ಎರ್ಗೆರೆ ದಿಶ್ ನಿಶ್ಟ್', ಅಂದರೆ 'ಸಿಟ್ಟಾಗಬೇಡ ಮಾರಾಯ'. ಮ್ಯೂನಿಕ್‌ನ ಯೋಸೆಫ್ ಶ್ಮಿಟ್ 1914ರಲ್ಲಿ ಮಾರಾಟಕ್ಕೆ ತಂದದ್ದು. ಬೇರು ನಮ್ಮ ಪಚ್ಚೀಸಿಯಲ್ಲಿದೆ. ಕಾಯಿ ಹೊಡೆಯುವುದು, ಮನೆ ಸೇರಿಸುವುದು ಎಲ್ಲ ಅದೇ. ಮಗಳ ಕಿಟಾದಲ್ಲೂ ಇದೆ. ಊಟದ ಹೊತ್ತಿಗೆ ತಟ್ಟೆ ಜೋಡಿಸುವ ಸರದಿ ಅವಳದಾದರೆ ಏಳು ಜನಕ್ಕೆ ಏಳು ತಟ್ಟೆ ಇಡಬೇಕು. ಬೆಳಿಗ್ಗೆ ಸುತ್ತ ಕೂತು ಇವತ್ತು ಯಾರು ಬಂದಿಲ್ಲ, ಎಷ್ಟು ಜನ ಇದ್ದೇವೆ ಅಂತ ನೋಡುತ್ತಾರೆ. ಎಣಿಕೆ ಬರೀ ಎಣಿಕೆಗಾಗಿ ಅಲ್ಲ, ತಟ್ಟೆ ಕಡಿಮೆಯಾದರೆ ಯಾರಿಗೋ ಊಟ ಇಲ್ಲ. ಇದು ನನಗೆ ತುಂಬಾ ಇಷ್ಟ.

ಆದರೆ ಇಲ್ಲಿಯವರದ್ದೂ ಅತಿಯೇ. ಒಂದು ಮಧ್ಯಾಹ್ನ ಕರೆದುಕೊಂಡು ಬರಲು ಹೋದಾಗ ಮಕ್ಕಳು ಆ ಆಟ ಆಡುತ್ತಿದ್ದರು. ದಾಳ ಬೀಳುತ್ತಿತ್ತು, ಕಾಯಿ ಜಾರುತ್ತಿತ್ತು, ಒಬ್ಬರ ಬಾಯಲ್ಲೂ ಸಂಖ್ಯೆ ಇಲ್ಲ. ಟೀಚರ್ ನಗುತ್ತಾ, "ತಾನೇ ಬರುತ್ತದೆ, ಬಿಡಿ" ಅಂದರು. ತಾನೇ ಬರುತ್ತದಾ?

ಇದಕ್ಕೆ ಒಳ್ಳೆಯ ಉತ್ತರ ಪಿಟ್ಸ್‌ಬರ್ಗ್‌ನಿಂದ ಬಂದಿದೆ. 2008ರಲ್ಲಿ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ಒಂದು ಆಟ ಆಡಿಸಿದರು. ನೇರ ಸಾಲಿನಲ್ಲಿ ಹತ್ತು ಮನೆ, ಅವುಗಳ ಮೇಲೆ 1ರಿಂದ 10. ತಿರುಗಿಸುವ ಮುಳ್ಳಿನಲ್ಲಿ 1 ಮತ್ತು 2 ಮಾತ್ರ. ಮೂರರಲ್ಲಿರುವ ಮಗುವಿಗೆ ಎರಡು ಬಿದ್ದರೆ "ನಾಲ್ಕು, ಐದು" ಅಂತ ಮನೆಯ ಹೆಸರು ಹೇಳುತ್ತಾ ನಡೆಯಬೇಕು. ಇನ್ನೊಂದು ಗುಂಪಿಗೆ ಅದೇ ಆಟ, ಆದರೆ ಮನೆಗಳ ಮೇಲೆ ಬಣ್ಣ. ಅವರು "ಕೆಂಪು, ನೀಲಿ" ಅಂತ ಹೇಳುತ್ತಾ ಹೋದರು. ಎರಡು ವಾರದಲ್ಲಿ ನಾಲ್ಕು ಸಲ, ಪ್ರತಿ ಸಲ ಕಾಲು ಗಂಟೆ ಚಿಲ್ಲರೆ. ಅಂಕಿಯ ಗುಂಪಿನವರು ಎಂಟು ದೊಡ್ಡದೋ ಆರು ದೊಡ್ಡದೋ ಅನ್ನುವುದರಲ್ಲಿ, ಗೆರೆಯ ಮೇಲೆ ಏಳು ಎಲ್ಲಿ ಬರುತ್ತದೆ ಅಂತ ತೋರಿಸುವುದರಲ್ಲಿ ಮುಂದೆ ಬಂದರು. ಒಂಬತ್ತು ವಾರದ ಮೇಲೂ ಆ ಲಾಭ ಉಳಿದಿತ್ತು. ಬಣ್ಣದ ಗುಂಪಿಗೆ ಆ ಲಾಭ ಆಗಲಿಲ್ಲ. ಆಟ ಒಂದೇ, ನಡಿಗೆ ಒಂದೇ. ಬೇರೆಯಾದದ್ದು ಮನೆಯ ಮೇಲಿನ ಗುರುತು ಮತ್ತು ಬಾಯಲ್ಲಿ ಬಂದ ಹೆಸರು. ಆಮೇಲೆ ಹಲಗೆಯನ್ನು ದುಂಡಗೆ ಮಾಡಿ ನೋಡಿದಾಗಲೂ ನೇರ ಸಾಲಿನಷ್ಟು ಕೆಲಸ ಮಾಡಲಿಲ್ಲ.

ಇದನ್ನು ಓದಿದ ಮೇಲೆ ಚೌಕಾಬಾರದ ಬಗ್ಗೆ ನನ್ನ ಹೆಮ್ಮೆ ಸ್ವಲ್ಪ ಇಳಿಯಿತು. ಅದರ ದಾರಿ ಸುತ್ತುತ್ತದೆ, ಒಳಗೆ ಹೋದ ಮೇಲೆ ದಿಕ್ಕೇ ತಿರುಗುತ್ತದೆ, ಮನೆಗಳ ಮೇಲೆ ಅಂಕಿ ಇಲ್ಲ. ಸಣ್ಣ ಸಂಖ್ಯೆ ಕಣ್ಣಿಗೆ ಹತ್ತುತ್ತದೆ, ಎಂಟು ಐದಕ್ಕಿಂತ ಎಷ್ಟು ದೂರ ಅನ್ನುವುದು ಬರುವುದಿಲ್ಲ. ಹಾವು ಏಣಿಯಲ್ಲಿ ಅಂಕಿ ಇದೆ, ಆದರೆ ಪ್ರತಿ ಸಾಲಿಗೂ ದಿಕ್ಕು ಬದಲಾಗಿ, ನೂರರವರೆಗೆ ಹೋಗಿ, ಈ ವಯಸ್ಸಿಗೆ ಜಾಸ್ತಿಯಾಗುತ್ತದೆ.

ದೆಹಲಿಯ ಒಂದು ಪ್ರಯೋಗವೂ ಇದೇ ಕಡೆ ಕೈ ತೋರಿಸುತ್ತದೆ. 2017ರಲ್ಲಿ ಪ್ರಕಟವಾದದ್ದು, ಎಲಿಜಬೆತ್ ಸ್ಪೆಲ್ಕಿ, ಎಸ್ತರ್ ಡುಫ್ಲೊ ಮೊದಲಾದವರು ಮಾಡಿದ್ದು. ಸುಮಾರು 1500 ಮಕ್ಕಳು. ಒಂದು ಗುಂಪಿಗೆ ನಾಲ್ಕು ತಿಂಗಳು ಚುಕ್ಕೆಗಳನ್ನು ಹೋಲಿಸುವ, ಆಕಾರ ಗುರುತಿಸುವ ಆಟ ಆಡಿಸಿದರು. ಯಾವುದು ಜಾಸ್ತಿ ಅಂತ ಅಂದಾಜಿಸುವ ಶಕ್ತಿ ಬೆಳೆಯಿತು, ಉಳಿಯಿತು ಕೂಡ. ಆದರೆ ಒಂದನೇ ತರಗತಿಗೆ ಹೋದ ಮೇಲೆ ಶಾಲೆಯ ಲೆಕ್ಕದಲ್ಲಿ ಅದರ ಲಾಭ ಕಾಣಲಿಲ್ಲ. ಚುಕ್ಕೆಗೂ ಅಂಕಿಗೂ ನಡುವೆ ಸೇತುವೆ ತಾನಾಗಿ ಬೆಳೆಯುವುದಿಲ್ಲ ಅಂತಲೇ ನಾನು ಇದನ್ನು ಓದಿಕೊಂಡೆ. 'ತಾನೇ ಬರುತ್ತದೆ' ಅನ್ನುವವರಿಗೆ ಇದನ್ನು ಹೇಳಬೇಕು ಅನಿಸುತ್ತದೆ. ಅಂಕಿ ತಿದ್ದಿಸುವವರಿಗೆ ಹೇಳಬೇಕಾದ್ದು ಹುಣಸೆ ಬೀಜದ ಕಥೆ.

ವಾಪಸ್ ಬಂದ ಮೇಲೆ ಅಡುಗೆಮನೆ ನೆಲಕ್ಕೆ ಕಾಗದದ ಟೇಪ್ ಅಂಟಿಸಿ ಹತ್ತು ಮನೆ ಮಾಡಿದೆ. ಎಡದಿಂದ ಬಲಕ್ಕೆ, 1ರಿಂದ 10. ಆಡಲು ಎರಡೇ ಕವಡೆ, ಎರಡೂ ಬೋರಲಾದರೆ ಮತ್ತೆ ಹಾಕುವುದು. ಮಗಳೇ ಕಾಯಿ, ತಾನೇ ಜಿಗಿಯುತ್ತಾಳೆ. ಇಲ್ಲಿ ನಿಯಮ ಒಂದೇ, "ಒಂದು, ಎರಡು" ಅನ್ನುವ ಹಾಗಿಲ್ಲ, ಕಾಲಿಟ್ಟ ಮನೆಯ ಹೆಸರು ಹೇಳಬೇಕು. ಮೊದಲ ವಾರ ಪ್ರತಿ ಸಲ ಮರೆಯುತ್ತಿದ್ದಳು. ಬಗ್ಗಿ ಅಂಕಿ ನೋಡಿ, "ಆರು... ಏಳು" ಅನ್ನುವಷ್ಟರಲ್ಲಿ ಹಾಲು ಉಕ್ಕುತ್ತಿತ್ತು. ಕನ್ನಡದಲ್ಲೇ ಆಡುತ್ತೇವೆ. ಹದಿಮೂರು ಅಂದರೆ ಮೊದಲು ಹತ್ತು, ಆಮೇಲೆ ಮೂರು, ಬರೆಯುವುದೂ ಅದೇ ಕ್ರಮ. ಜರ್ಮನ್‌ನಲ್ಲಿ ಅದು 'ಮೂರು-ಹತ್ತು'. ಇಪ್ಪತ್ತೊಂದು 'ಒಂದು ಮತ್ತು ಇಪ್ಪತ್ತು'. ಮುಂದೆ ಸಾಲು ಉದ್ದ ಮಾಡುವಾಗ ನಮ್ಮ ಭಾಷೆಯೇ ಅವಳಿಗೆ ಸುಲಭವಾಗಬಹುದು.

ಫೆಬ್ರವರಿಯಲ್ಲಿ ಅಮ್ಮ ವಿಡಿಯೊದಲ್ಲಿ ಈ ಆಟ ನೋಡಿದಳು. ಮಗಳು ಐದರಿಂದ "ಆರು, ಏಳು" ಅಂತ ಜಿಗಿದಳು. ಅಮ್ಮನಿಗೆ ಸಮಾಧಾನ ಆಗಲಿಲ್ಲ. "ಏನೋ ಇದು, ಎರಡು ಬಿದ್ರೆ ಒಂದು, ಎರಡು ಅಂತ ಅಲ್ವೇನೋ ಎಣಿಸೋದು? ಮಗೂಗೆ ತಪ್ಪು ಹೇಳಿಕೊಡ್ತಿದ್ದೀಯ."

"ಅಜ್ಜಿ, ಅದು ನಿಮ್ಮನೆ ಆಟ," ಅಂದಳು ಮಗಳು. "ಇಲ್ಲಿ ಮನೆಗೆ ಹೆಸರಿದೆ."