ಹಬ್ಬ ಮುಗಿದ ಮೇಲೆ ತಲುಪುವ ಬಾಗಿನಕ್ಕೆ ಕ್ಷಮೆ ಕೇಳುವುದು ಹೇಗೆ?

ಹಬ್ಬದ ಉಡುಗೊರೆ ತಡವಾದಾಗ ಅಂಗಡಿಯವರು ಕಳಿಸುವ ಮೆಸೇಜ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಅನಿವಾರ್ಯ ಕಾರಣಗಳಿಂದ ನಿಮ್ಮ ಆರ್ಡರ್ ತಡವಾಗಿದೆ. ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಹಬ್ಬದ ಶುಭಾಶಯಗಳು." ಇದನ್ನು ಓದಿದ ಗಿರಾಕಿಗೆ ಏನು ತಿಳಿಯಿತು? ಪೆಟ್ಟಿಗೆ ಎಲ್ಲಿದೆ ಗೊತ್ತಿಲ್ಲ. ಯಾವತ್ತು ಬರುತ್ತದೆ ಗೊತ್ತಿಲ್ಲ. ದುಡ್ಡಿನ ಕಥೆ ಏನು ಗೊತ್ತಿಲ್ಲ. ಅದರ ಮೇಲೆ ಹಬ್ಬದ ಶುಭಾಶಯ ಬೇರೆ. ಇಂಥ ಮೆಸೇಜ್ ಕಳಿಸುವುದಕ್ಕಿಂತ ಒಂದು ಫೋನ್ ಮಾಡುವುದು ಎಷ್ಟೋ ಮೇಲು.

ನಮ್ಮಕ್ಕ ಬೆಂಗಳೂರಿನಲ್ಲಿ ಮನೆಯಿಂದಲೇ ಗೌರಿ ಹಬ್ಬದ ಮೊರದ ಬಾಗಿನ ಸಿದ್ಧ ಮಾಡಿ ಕೊರಿಯರ್‌ನಲ್ಲಿ ಕಳಿಸುತ್ತಾಳೆ. ಗಿರಾಕಿಗಳ ಜೊತೆ ಮಾತು, ಮೆಸೇಜ್, ಟ್ರ್ಯಾಕಿಂಗ್ ಎಲ್ಲ ನನ್ನ ಪಾಲಿನ ಕೆಲಸ. ಆದ್ದರಿಂದ ಈ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಹಬ್ಬಕ್ಕೆ ತಪ್ಪಿದ ಉಡುಗೊರೆಯ ಮೆಸೇಜ್ ಹಬ್ಬಕ್ಕೆ ಮುಂಚೆಯೇ ಹೋಗಬೇಕು. ಅದನ್ನು ಓದಿದವರಿಗೆ ಇನ್ನೂ ಏನಾದರೂ ಮಾಡಲು ಸಮಯ ಉಳಿದಿರಬೇಕು. ಉಳಿದದ್ದೆಲ್ಲ ಆಮೇಲೆ.

2025ರ ಒಂದು ಆರ್ಡರ್ ತೆಗೆದುಕೊಂಡು ಹೇಳುತ್ತೇನೆ. ಆ ವರ್ಷ ಗೌರಿ ಹಬ್ಬ ಆಗಸ್ಟ್ 26, ಮಂಗಳವಾರ. ಮಾರನೇ ದಿನ ಗಣೇಶ ಚತುರ್ಥಿ. ತುಮಕೂರಿನ ಒಬ್ಬ ತಾಯಿ ಮುಂಬೈ ಪಕ್ಕದ ಠಾಣೆಯಲ್ಲಿರುವ ಮಗಳಿಗೆ ಬಾಗಿನ ಕಳಿಸಲು ಹೇಳಿದ್ದರು. ಜೋಡಿ ಮೊರ, ಅರಿಶಿನ, ಕುಂಕುಮ, ಬಳೆ, ಕರಿಮಣಿ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಅಕ್ಕಿ, ಬೇಳೆಗಳು, ಬೆಲ್ಲ. ಒಟ್ಟು 1,450 ರೂಪಾಯಿ. ಶನಿವಾರ 23ರೊಳಗೆ ತಲುಪುತ್ತದೆ ಎಂದು ಮಾತಾಗಿತ್ತು. 18ನೇ ತಾರೀಕು ಸೋಮವಾರ ಬುಕ್ ಆಯಿತು.

ವಿಮಾನದಲ್ಲಿ ಯಾಕೆ ಕಳಿಸಲಿಲ್ಲ ಎಂದು ಕೇಳುವವರಿಗೆ ಒಂದು ಮಾತು. ಮೊರ ಹಗುರ, ಆದರೆ ಜಾಗ ಜಾಸ್ತಿ ತಿನ್ನುತ್ತದೆ. ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ನೋಡುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 40, 35, 18 ಸೆಂಟಿಮೀಟರ್ ಪೆಟ್ಟಿಗೆ ಅಂದರೆ ಸುಮಾರು 5 ಕೆಜಿ ಲೆಕ್ಕ. ತಕ್ಕಡಿಯಲ್ಲಿ ಅದರ ಅರ್ಧವೂ ತೂಗದಿದ್ದರೂ ಬಿಲ್ ಮಾತ್ರ ಈ ಲೆಕ್ಕಕ್ಕೇ. ವಿಮಾನದ ದರದಲ್ಲಿ 5 ಕೆಜಿ ಕಳಿಸಿದರೆ ಸಾಗಣೆ ಖರ್ಚು ಬಾಗಿನದ ಬೆಲೆಯನ್ನೇ ಮುಟ್ಟಲು ಹೊರಡುತ್ತದೆ. ಹಾಗಾಗಿ ಬಾಗಿನ ಲಾರಿಯಲ್ಲೇ ಹೋಗುತ್ತದೆ.

ಆ ಸೋಮವಾರ, ಮಂಗಳವಾರವೇ ಮುಂಬೈಯಲ್ಲಿ ಭಾರಿ ಮಳೆ. ಶಾಲೆಗಳಿಗೆ ರಜೆ ಕೊಟ್ಟರು, ಕೆಲವು ಮಾರ್ಗಗಳಲ್ಲಿ ಲೋಕಲ್ ರೈಲುಗಳೂ ನಿಂತವು. ನಮ್ಮ ಪೆಟ್ಟಿಗೆ ಶುಕ್ರವಾರ ಠಾಣೆ ಹತ್ತಿರದ ಭಿವಂಡಿಯ ಗೋದಾಮು ಸೇರಿತು. ಶನಿವಾರ ಸಂಜೆ ನೋಡಿದರೂ ಅಲ್ಲೇ ಇತ್ತು. ಪರದೆಯ ಮೇಲೆ In Transit ಎಂದೇ ತೋರಿಸುತ್ತಿತ್ತು. ಈ ಎರಡು ಪದ ನೋಡಿ ಸಮಾಧಾನ ಮಾಡಿಕೊಳ್ಳಬಾರದು. ಪೆಟ್ಟಿಗೆ ಓಡುತ್ತಿದ್ದರೂ ಅದೇ ಪದ, ಮೂಲೆಯಲ್ಲಿ ಕೂತಿದ್ದರೂ ಅದೇ ಪದ. ನೋಡಬೇಕಾದದ್ದು ಕೊನೆಯ ಸ್ಕ್ಯಾನ್ ಎಲ್ಲಿ ಆಯಿತು, ಎಷ್ಟು ಹೊತ್ತಿಗೆ ಆಯಿತು ಎಂಬುದನ್ನು. ದೊಡ್ಡ ಗೋದಾಮಿನಿಂದ ಬಡಾವಣೆಯ ಶಾಖೆಗೆ ಹೋದ ಮೇಲೆಯೇ Out for Delivery ಬರುವುದು.

ಇನ್ನು ಲೆಕ್ಕ ಹಾಕಿ. ಭಾನುವಾರ 24, ಆ ಕೊರಿಯರ್‌ನವರು ಮನೆಗೆ ತಂದುಕೊಡುವುದಿಲ್ಲ. ಸೋಮವಾರ ಶಾಖೆಗೆ ಹೋದರೆ ಮಂಗಳವಾರ ಬೆಳಿಗ್ಗೆ ಹುಡುಗನ ಗಾಡಿಗೆ ಏರುತ್ತದೆ. ಎಲ್ಲ ಸರಿಹೋದರೂ ಮನೆಗೆ ಬರುವುದು ಮಧ್ಯಾಹ್ನ. ಗೌರಿ ಪೂಜೆ ಬೆಳಿಗ್ಗೆಯೇ ಆಗಿರುತ್ತದೆ. ಮಂಗಳವಾರವೂ ತಪ್ಪಿದರೆ ಬುಧವಾರ ಗಣೇಶ ಚತುರ್ಥಿ, ಮಹಾರಾಷ್ಟ್ರದಲ್ಲಿ ರಜೆ. ಆಮೇಲೆ ಗುರುವಾರ 28ರ ಮಾತು. ಅಂದರೆ ಶನಿವಾರ ಸಂಜೆಗೇ ಈ ಬಾಗಿನ ಪೂಜೆಗೆ ಸಿಗುವುದಿಲ್ಲ ಎಂಬುದು ಹೆಚ್ಚುಕಡಿಮೆ ಖಚಿತ.

ಇಲ್ಲಿಯೇ ಮಾರುವವರು ಎಡವುತ್ತಾರೆ. "ನೋಡೋಣ, ಸೋಮವಾರ ಬಂದರೂ ಬರಬಹುದು, ಈಗಲೇ ಯಾಕೆ ಹೆದರಿಸಬೇಕು" ಎಂದು ಸುಮ್ಮನಾಗುತ್ತಾರೆ. ಸೋಮವಾರ ರಾತ್ರಿ ಮೆಸೇಜ್ ಹೋಗುತ್ತದೆ. ಅಷ್ಟು ಹೊತ್ತಿಗೆ ಆ ತಾಯಿಯ ಕೈ ಕಟ್ಟಿಹಾಕಿದ ಹಾಗಾಗಿರುತ್ತದೆ. ಶನಿವಾರವೇ ಗೊತ್ತಾದರೆ ಮಗಳ ಖಾತೆಗೆ ದುಡ್ಡು ಹಾಕಿ "ಅಲ್ಲೇ ಮೊರ ತಗೋ" ಎನ್ನಬಹುದು. ಭಾನುವಾರ ಮುಂಬೈಯ ಮಾಟುಂಗಾದ ಕಡೆ ಹೋದರೆ ನಮ್ಮ ಕಡೆಯ ಪೂಜೆ ಸಾಮಾನು ಸಿಗುವ ಅಂಗಡಿಗಳಿವೆ. ಒಂದು ವೇಳೆ ಪೆಟ್ಟಿಗೆ ಸಮಯಕ್ಕೇ ಬಂದುಬಿಟ್ಟರೆ? ಬರಲಿ, ಒಳ್ಳೆಯದೇ ಆಯಿತು. ಎರಡು ಜೊತೆ ಮೊರ ಇದ್ದರೆ ಯಾರಿಗೂ ನಷ್ಟವಿಲ್ಲ. ಒಂದೂ ಇಲ್ಲದಿರುವುದೇ ಸಂಕಟ.

ಹಾಗಾಗಿ ಶನಿವಾರ ಸಂಜೆಯೇ ಮೊದಲು ಫೋನ್ ಮಾಡಿ ಹೇಳಿದೆವು. ವಯಸ್ಸಾದವರಿಗೆ ಇಂಥ ಸುದ್ದಿ ಬಾಯಲ್ಲೇ ಹೇಳಬೇಕು. ಆಮೇಲೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದೆ. ಬರೆದದ್ದು ಹೀಗಿತ್ತು:

"ನಮಸ್ಕಾರ ಅಮ್ಮಾ. ಠಾಣೆಗೆ ಕಳಿಸಿದ ನಿಮ್ಮ ಬಾಗಿನ ಮಂಗಳವಾರದ ಗೌರಿ ಪೂಜೆಗೆ ತಲುಪುವುದಿಲ್ಲ. ಮುಂಬೈ ಮಳೆಯಿಂದ ತಡವಾಗಿ ಭಿವಂಡಿ ಗೋದಾಮಿಗೆ ನಿನ್ನೆ ಬಂದಿದೆ, ಅಲ್ಲಿಂದ ಇನ್ನೂ ಹೊರಟಿಲ್ಲ. ಗುರುವಾರ 28 ಅಥವಾ ಶುಕ್ರವಾರ 29ಕ್ಕೆ ಮನೆ ಸೇರಬಹುದು. 23ರೊಳಗೆ ತಲುಪಿಸುತ್ತೇವೆ ಎಂದು ನಿಮಗೆ ಮಾತು ಕೊಟ್ಟವರು ನಾವು. ಅದು ನಡೆಯಲಿಲ್ಲ, ಕ್ಷಮಿಸಿ. ಬಾಗಿನ ಬೇಡ ಎಂದರೆ ಪೂರ್ತಿ 1,450 ರೂಪಾಯಿ ಇವತ್ತೇ ಹಾಕುತ್ತೇವೆ, ಪೆಟ್ಟಿಗೆ ನಾವೇ ವಾಪಸ್ ತರಿಸಿಕೊಳ್ಳುತ್ತೇವೆ. ತಡವಾದರೂ ಬರಲಿ ಎಂದರೆ 700 ರೂಪಾಯಿ ಇವತ್ತೇ ಹಾಕುತ್ತೇವೆ. ನಿಮ್ಮ ಮಗಳಿಗೆ ನಾವು ಫೋನ್ ಮಾಡಿಲ್ಲ. ನೀವು ಹೇಳಿದರೆ ಮಾತ್ರ ಮಾಡುತ್ತೇವೆ. ನಾಳೆ ಭಾನುವಾರವೂ ಈ ನಂಬರ್‌ಗೆ ಫೋನ್ ಮಾಡಬಹುದು."

ಕೆಟ್ಟ ಸುದ್ದಿ ಮೊದಲ ಸಾಲಲ್ಲೇ ಇದೆ, ಗಮನಿಸಿ. ಮೊಬೈಲ್ ಪರದೆಯ ಮೇಲೆ ಕಾಣುವುದು ಅಷ್ಟೇ. "ನಮ್ಮನ್ನು ಆಯ್ಕೆ ಮಾಡಿಕೊಂಡಿದ್ದಕ್ಕೆ ಧನ್ಯವಾದ" ಎಂದು ಶುರು ಮಾಡಿದರೆ ಎಷ್ಟೋ ಜನ ಜಾಹೀರಾತು ಎಂದುಕೊಂಡು ತೆರೆಯುವುದೇ ಇಲ್ಲ. ಮಳೆಯ ಮಾತು ಒಂದೇ ಸಾಲು. ಅದು ನಡೆದ ಸಂಗತಿ, ಹೇಳಬೇಕು. ಆದರೆ ಎರಡನೇ ಸಾಲಿಗೆ ಬೆಳೆಸಿದರೆ ಅದು ನೆಪವಾಗುತ್ತದೆ. ಕೊರಿಯರ್‌ನವರನ್ನು ಬೈಯುವುದೂ ಬೇಡ. ಅವರನ್ನು ಆರಿಸಿದ್ದು ಗಿರಾಕಿ ಅಲ್ಲ, ಮಾರಿದವರು.

ಮಗಳಿಗೆ ಫೋನ್ ಮಾಡಿಲ್ಲ ಎಂಬ ಸಾಲನ್ನು ನಾನು ಬಹಳ ಮುಖ್ಯ ಎಂದುಕೊಂಡಿದ್ದೇನೆ. ಉಡುಗೊರೆಯಲ್ಲಿ ದುಡ್ಡು ಕೊಟ್ಟವರು ಒಬ್ಬರು, ಪಡೆಯುವವರು ಇನ್ನೊಬ್ಬರು. ತಡವಾದಾಗ ಎಷ್ಟೋ ಅಂಗಡಿಯವರು ವಿಳಾಸದಲ್ಲಿರುವ ನಂಬರ್‌ಗೆ ನೇರವಾಗಿ ಮೆಸೇಜ್ ಹಾಕಿಬಿಡುತ್ತಾರೆ. ತವರಿನಿಂದ ಬಾಗಿನ ತಡ ಎಂಬ ಸುದ್ದಿ ಮಗಳಿಗೆ ಯಾವುದೋ ಅಂಗಡಿಯಿಂದ ಹೋಗಬಾರದು. ಅತ್ತೆ ಮನೆಯಲ್ಲಿ ಎಲ್ಲರೂ ಇರುತ್ತಾರೆ. ಅದನ್ನು ಯಾವಾಗ, ಹೇಗೆ ಹೇಳಬೇಕು ಎಂದು ಅಮ್ಮನಿಗೆ ಗೊತ್ತು. ಬರೆದು ಕಳಿಸುವುದರಿಂದ ಇಲ್ಲಿ ಇನ್ನೊಂದು ಉಪಕಾರವಿದೆ. ಆ ತಾಯಿ ಅದನ್ನೇ ಮಗಳಿಗೆ ಫಾರ್ವರ್ಡ್ ಮಾಡಬಹುದು. ಅಮ್ಮ ಮರೆತದ್ದಲ್ಲ, ಹೊತ್ತಿಗೆ ಸರಿಯಾಗಿ ಕಳಿಸಿದ್ದಾಳೆ ಎಂದು ಅದನ್ನು ಓದಿದವರಿಗೆಲ್ಲ ತಿಳಿಯುತ್ತದೆ.

"ಪರವಾಗಿಲ್ಲ ಬಿಡಿ, ಬಾಗಿನ ಆಮೇಲೆ ಕೊಟ್ಟರೂ ನಡೆಯುತ್ತೆ" ಎಂದು ನಾವು ಬರೆಯಲಿಲ್ಲ. ಕೆಲವು ಮನೆಗಳಲ್ಲಿ ನಡೆಯುತ್ತದೆ, ಕೆಲವು ಮನೆಗಳಲ್ಲಿ ನಡೆಯುವುದಿಲ್ಲ. ಅದು ಅವರ ಮನೆಯ ಪದ್ಧತಿ. ಮಾರಿದವರು ಅದರಲ್ಲಿ ತಲೆಹಾಕುವುದು ಸರಿಯಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. "ಮುಂದಿನ ಆರ್ಡರ್‌ಗೆ ಶೇಕಡ 20 ರಿಯಾಯಿತಿ" ಎಂಬ ಕೂಪನ್ ಕೊಡುವವರಿದ್ದಾರೆ. ಗೌರಿ ಹಬ್ಬ ವರ್ಷಕ್ಕೆ ಒಂದೇ ಸಲ ಅಲ್ವಾ? ಹಬ್ಬ ತಪ್ಪಿಸಿದವರ ಹತ್ತಿರವೇ ಮತ್ತೆ ಖರೀದಿ ಮಾಡಿ ಎನ್ನುವುದು ಕ್ಷಮೆ ಹೇಗಾಗುತ್ತದೆ? ಕೊಡುವುದಾದರೆ ಇಷ್ಟು ರೂಪಾಯಿ, ಇವತ್ತೇ ಎಂದು ಬರೆಯಬೇಕು. ಚಿಕ್ಕ ವ್ಯಾಪಾರಕ್ಕೆ ಇದು ಹೊರೆ ಎಂದು ನನಗೆ ಚೆನ್ನಾಗಿ ಗೊತ್ತು. ತಡವಾದದ್ದಕ್ಕೆ ಕೊರಿಯರ್‌ನಿಂದ ಸಿಗುವುದು ಇಲ್ಲವೆನ್ನುವಷ್ಟು ಕಡಿಮೆ. ಸ್ಪೀಡ್ ಪೋಸ್ಟ್‌ನಲ್ಲೂ ತಡಕ್ಕೆ ಸಿಗುವ ಪರಿಹಾರ ನಾವು ಕಟ್ಟಿದ ಅಂಚೆ ಶುಲ್ಕದಷ್ಟೇ. ಹಾಗಾಗಿ ಪ್ರತಿ ಸೆಟ್ಟಿನ ಬೆಲೆಯಲ್ಲೇ ಸ್ವಲ್ಪ ಇದಕ್ಕೆಂದು ಸೇರಿಸಿಡಬೇಕು. ಅಕ್ಕ ಹಾಗೇ ಮಾಡುತ್ತಾಳೆ.

ಕಾನೂನು ಏನು ಹೇಳುತ್ತದೆ ಎಂದೂ ತಿಳಿದಿರಲಿ. 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ, ಹೇಳಿದ ಸಮಯಕ್ಕಿಂತ ತಡವಾಗಿ ಬಂದ ಸಾಮಾನನ್ನು ವಾಪಸ್ ತೆಗೆದುಕೊಳ್ಳಲು, ದುಡ್ಡು ಹಿಂತಿರುಗಿಸಲು ಆನ್‌ಲೈನ್ ಮಳಿಗೆಯಲ್ಲಿ ಮಾರುವವರು ನಿರಾಕರಿಸುವಂತಿಲ್ಲ. ಯಾರ ಕೈಯಲ್ಲೂ ಇಲ್ಲದ ವಿಪತ್ತಿನಿಂದ ತಡವಾಗಿದ್ದರೆ ಮಾತ್ರ ವಿನಾಯಿತಿ. ಅದಕ್ಕೂ ಹಳೆಯದು 1872ರ ಕರಾರು ಕಾಯ್ದೆಯ 55ನೇ ಸೆಕ್ಷನ್. ಸಮಯವೇ ಮುಖ್ಯ ಎಂದು ಇಬ್ಬರಿಗೂ ಗೊತ್ತಿದ್ದ ಕರಾರಿನಲ್ಲಿ ಸಮಯ ಮೀರಿದರೆ, ಅದನ್ನು ರದ್ದು ಮಾಡುವ ಹಕ್ಕು ಗಿರಾಕಿಗೆ ಬರುತ್ತದೆ. ತಡವಾಗಿ ಬಂದದ್ದನ್ನು ಒಪ್ಪಿಕೊಂಡರೆ, ಪರಿಹಾರ ಬೇಕು ಎಂದು ಆಗಲೇ ತಿಳಿಸಬೇಕು. ತಿಳಿಸದಿದ್ದರೆ ಆಮೇಲೆ ಕೇಳಲು ಬರುವುದಿಲ್ಲ. "ಗೌರಿ ಹಬ್ಬಕ್ಕೆ" ಎಂದು ಹೇಳಿ ತರಿಸಿದ ಬಾಗಿನದಲ್ಲಿ ಸಮಯ ಮುಖ್ಯವಲ್ಲದೆ ಇನ್ನೇನು?

ಮಳೆ ಬಂತು, ವಿನಾಯಿತಿ ನಮಗೂ ಸಿಗುತ್ತಿತ್ತೇನೋ. ಆದರೆ ಆಗಸ್ಟ್‌ನಲ್ಲಿ ಮುಂಬೈಗೆ ಮಳೆ ಬರುವುದು ಹೊಸ ಸುದ್ದಿಯಲ್ಲ. 23ರೊಳಗೆ ಎಂದು ಹೇಳಿ ಆರ್ಡರ್ ತೆಗೆದುಕೊಳ್ಳುವಾಗ ಬಾರದ ಮಳೆ ದುಡ್ಡು ಕೊಡುವಾಗ ಮಾತ್ರ ಬರುವುದು ನ್ಯಾಯವಲ್ಲ.

ಆ ತಾಯಿ ಅರ್ಧ ಗಂಟೆಯೊಳಗೆ ಉತ್ತರ ಕೊಟ್ಟರು. "ಪೆಟ್ಟಿಗೆ ಬರಲಿ ಬಿಡಮ್ಮ, ವಾಪಸ್ ಕಳಿಸಬೇಡಿ. 700 ಹಾಕಿ, ಅದನ್ನೇ ಅವಳಿಗೆ ಕಳಿಸ್ತೀನಿ, ನಾಳೆ ಅಲ್ಲೇ ತಗೊಳ್ಳಲಿ. ಅವಳಿಗೆ ನಾನೇ ಹೇಳ್ತೀನಿ" ಎಂದರು. ಯುಪಿಐನಲ್ಲಿ ದುಡ್ಡು ಹಾಕಿ, ದುಡ್ಡು ಹೋದದ್ದಕ್ಕೆ ಗುರುತಾದ ಬ್ಯಾಂಕಿನ ಯುಟಿಆರ್ ನಂಬರ್ ಕಾಣುವ ಸ್ಕ್ರೀನ್‌ಶಾಟ್ ಕಳಿಸಿದೆ. ಇದನ್ನು ಬಿಡಬಾರದು. ದುಡ್ಡು ಬಂತೋ ಇಲ್ಲವೋ ಎಂದು ಅವರು ಬ್ಯಾಂಕಿಗೆ ಅಲೆಯುವಂತಾಗಬಾರದು.

ಶುಕ್ರವಾರ ಪೆಟ್ಟಿಗೆ ತಲುಪಿತು. "ತಲುಪಿದೆ ಅಮ್ಮಾ, ಏನಾದರೂ ಒಡೆದಿದ್ದರೆ ಫೋಟೋ ಕಳಿಸಿ" ಎಂದಷ್ಟೇ ಬರೆದೆ. ಉಳಿದ ಗಿರಾಕಿಗಳಿಗೆ ಹೋಗುವ "ನಮಗೆ ಐದು ಸ್ಟಾರ್ ಕೊಡಿ" ಎಂಬ ಮೆಸೇಜ್ ಪಟ್ಟಿಯಿಂದ ಅವರ ನಂಬರ್ ಶನಿವಾರವೇ ತೆಗೆದಿದ್ದೆ.